ಎಐ ಮಾಡಿದ ಬಾಟಲಿ ಚಿತ್ರ ಅಂಗಡಿಗೆ ಏರಿಸುವ ಮುನ್ನ: ಲೋಗೊ, ಭಾಗ, ಆಕಾರ ಪರೀಕ್ಷಿಸುವ ಬಗೆ

ತಿಪಟೂರು ಕಡೆಯ ಒಂದು ಗಾಣದ ಎಣ್ಣೆ ಘಟಕದ 1 ಲೀಟರ್ ಬಾಟಲಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಿಳಿ ಗೋಡೆಯ ಮುಂದೆ ಇಟ್ಟು ಫೋನಿನಲ್ಲಿ ತೆಗೆದ ಫೋಟೊ ಇದೆ. ಅದನ್ನು ಎಐ ಸಾಧನಕ್ಕೆ ಕೊಟ್ಟು, ಹಿಂದೆ ತೆಂಗಿನ ತೋಟ, ಕೆಳಗೆ ಮರದ ಮೇಜು, ಪಕ್ಕದಲ್ಲಿ ಒಡೆದ ಕಾಯಿ ಬೇಕು ಎಂದು ಕೇಳಲಾಗಿದೆ. ಬಂದ ಚಿತ್ರ ಚೆನ್ನಾಗಿಯೇ ಇದೆ. ಆದರೆ ಬಾಟಲಿಯ ಬುಡ ಒಂದಿಷ್ಟು ಕೆಳಕ್ಕೆ ಬೆಳೆದಿದೆ, ಮುಚ್ಚಳದ ಕೆಳಗೆ ಇಲ್ಲದ ಉಂಗುರವೊಂದು ಬಂದಿದೆ, ಲೇಬಲ್ಲಿನ ‘ಎಣ್ಣೆ’ಯ ಒತ್ತಕ್ಷರ ಏನೋ ಬೇರೆಯಾಗಿದೆ. ಚಿತ್ರವನ್ನು ನೋಡಿದ ಮೂವರಿಗೂ ಇದು ಕಾಣಲಿಲ್ಲ ಎಂದರೆ ಅಚ್ಚರಿಯಿಲ್ಲ. ದಿನಾ ನೋಡುವ ಬಾಟಲಿಯನ್ನು ನಾವು ಕಣ್ಣಿನಿಂದ ನೋಡುವುದಿಲ್ಲ, ನೆನಪಿನಿಂದ ನೋಡುತ್ತೇವೆ. ಹಾಗಾಗಿ ಈ ಕೆಲಸಕ್ಕೆ ಘಟಕದ ಯಜಮಾನರಿಗಿಂತ ಕೆಟ್ಟ ಪರೀಕ್ಷಕರು ಬೇರೆ ಇಲ್ಲ. ಕೆಳಗಿನ ಕ್ರಮ ಅಂದಾಜನ್ನು ಬಿಟ್ಟು ಎಣಿಕೆ, ಅಳತೆ, ಹೋಲಿಕೆಗಳನ್ನೇ ನಂಬುತ್ತದೆ.

## ಮೊದಲು ಬಾಟಲಿಯ ಜಾತಕ ಬರೆದಿಡಿ

ಚಿತ್ರವನ್ನು ತೆರೆಯುವ ಮುಂಚೆ ನಿಜವಾದ ಬಾಟಲಿಯನ್ನು ಕೈಯಲ್ಲಿ ಹಿಡಿದು ಒಂದು ಹಾಳೆ ತುಂಬಿಸಿ. ಚಿತ್ರ ನೋಡಿದ ಮೇಲೆ ಬರೆದರೆ ಚಿತ್ರದಲ್ಲಿ ಇರುವುದೇ ಹಾಳೆಗೂ ಇಳಿಯುತ್ತದೆ. ನಮ್ಮ ಉದಾಹರಣೆಯ ಹಾಳೆ ಹೀಗಿದೆ:

- ಎತ್ತರ ಮುಚ್ಚಳ ಸೇರಿ 270 ಮಿ.ಮೀ., ಅಗಲ 80 ಮಿ.ಮೀ. ಎತ್ತರವನ್ನು ಅಗಲದಿಂದ ಭಾಗಿಸಿದರೆ 3.375.
- ದುಂಡು ಬಾಟಲಿ, ಹಿಡಿಕೆ ಇಲ್ಲ. ತಿರುಗಿಸುವ ಹಸಿರು ಮುಚ್ಚಳ ಒಂದು, ಅದರ ಕೆಳಗೆ ಸೀಲ್ ಉಂಗುರ ಒಂದು.
- ಲೇಬಲ್ಲಿನ ಎತ್ತರ 110 ಮಿ.ಮೀ.
- ಲೋಗೊ: ವೃತ್ತದೊಳಗೆ ತೆಂಗಿನ ಮರ. ಗರಿ 7, ಕಾಯಿ 3, ಕಾಂಡ ಎಡಕ್ಕೆ ಬಾಗಿದೆ.
- ಮುಂಬದಿಯ ಅಕ್ಷರ: ‘ಗಾಣದ ತೆಂಗಿನ ಎಣ್ಣೆ’, ‘1 ಲೀ.’, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹಸಿರು ಚೌಕದೊಳಗೆ ಹಸಿರು ಚುಕ್ಕೆ.

ಲೋಗೊದ ಗರಿಗಳನ್ನು ಎಣಿಸಿ ಬರೆಯುವುದು ಅತಿ ಅನ್ನಿಸಬಹುದು. ಆದರೆ ಎಐ ಲೋಗೊವನ್ನು ನಕಲು ಮಾಡುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಬರೆಯುತ್ತದೆ. ಸ್ಟೇಬಲ್ ಡಿಫ್ಯೂಷನ್ ಥರದ ಚಿತ್ರ ಬರೆಯುವ ಎಐ ಮಾದರಿಗಳು ಚಿತ್ರವನ್ನು ನೇರವಾಗಿ ಪಿಕ್ಸೆಲ್‌ಗಳಲ್ಲಿ ಬರೆಯದೆ, ಕುಗ್ಗಿಸಿದ ಒಂದು ರೂಪದಲ್ಲಿ ಬರೆದು ಆಮೇಲೆ ಹಿಗ್ಗಿಸುತ್ತವೆ. ಅಲ್ಲಿ 8×8 ಪಿಕ್ಸೆಲ್‌ಗೆ ಒಂದೇ ಕೋಶ. ಲೋಗೊ ಚಿತ್ರದಲ್ಲಿ 64 ಪಿಕ್ಸೆಲ್ ಅಗಲ ಇದ್ದರೆ, ಇಡೀ ಮರ, ಗರಿ, ಕಾಯಿ, ವೃತ್ತ ಎಲ್ಲವೂ 8 ಕೋಶ ಅಗಲ, 8 ಕೋಶ ಎತ್ತರದ ಜಾಗದೊಳಗೆ ಹಿಡಿಸಬೇಕು. ಅಷ್ಟರಲ್ಲಿ ‘ಗರಿಯಂಥದ್ದು’ ಹಿಡಿಸುತ್ತದೆ, ಏಳೇ ಗರಿ ಎಂಬ ಲೆಕ್ಕ ಹಿಡಿಸುವುದಿಲ್ಲ. ಚಿಕ್ಕ ಅಕ್ಷರ ಕೆಡುವುದಕ್ಕೂ ಇದೊಂದು ಮುಖ್ಯ ಕಾರಣ.

## ಮಾಸ್ಕ್ ಹಾಕಿದ್ದೇವೆ ಎಂದು ನಂಬಬೇಡಿ

ಬಾಟಲಿಗೆ ಮಾಸ್ಕ್ ಹಾಕಿ, ಅಂದರೆ ಆ ಭಾಗವನ್ನು ಮುಟ್ಟಬಾರದು ಎಂದು ಗುರುತು ಮಾಡಿ, ಹಿನ್ನೆಲೆಯನ್ನು ಮಾತ್ರ ಬದಲಿಸಿ ಎಂದು ಹೇಳಿದ್ದರೂ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಇಡೀ ಚಿತ್ರವೇ ಕುಗ್ಗಿ ಹಿಗ್ಗುವುದರಿಂದ ಮುಟ್ಟದ ಭಾಗದ ಸಣ್ಣ ಅಕ್ಷರಗಳೂ ಕರಗುತ್ತವೆ. ಕೆಲವು ಸಾಧನಗಳು ಮೂಲ ಪಿಕ್ಸೆಲ್‌ಗಳನ್ನು ಮತ್ತೆ ಮೇಲೆ ಅಂಟಿಸುತ್ತವೆ, ಕೆಲವು ಅಂಟಿಸುವುದಿಲ್ಲ. ಎರಡು, ಮಾಸ್ಕಿನ ಅಂಚಿನಿಂದ ವಸ್ತು ಹೊರಕ್ಕೆ ಬೆಳೆಯುತ್ತದೆ. ಬಾಟಲಿಯ ಬುಡ ಕಂಡ ಮಾದರಿ ‘ಇದು ಇನ್ನೂ ಮುಂದುವರಿಯಬೇಕು’ ಎಂದುಕೊಂಡು ಹಿನ್ನೆಲೆಯ ಜಾಗದಲ್ಲೇ ಇನ್ನಷ್ಟು ಬಾಟಲಿ ಬರೆಯುತ್ತದೆ. ಇಲ್ಲದ ಹಿಡಿಕೆ, ಎರಡನೇ ಮುಚ್ಚಳ, ಬುಡಕ್ಕೊಂದು ತಟ್ಟೆ, ಇವೆಲ್ಲ ಹುಟ್ಟುವುದು ಸಾಮಾನ್ಯವಾಗಿ ಈ ಅಂಚಿನಲ್ಲೇ.

ಮೂಲ ಫೋಟೊ ಕೈಯಲ್ಲಿರುವುದರಿಂದ ಇದನ್ನು ಕಣ್ಣಳತೆಯಲ್ಲಿ ಹುಡುಕಬೇಕಿಲ್ಲ. ಉಚಿತವಾಗಿ ಸಿಗುವ, ಚಿತ್ರ ತಿದ್ದುವ ತಂತ್ರಾಂಶ ಗಿಂಪ್ ಸಾಕು.

1. ಎಐ ಕೊಟ್ಟ ಚಿತ್ರವನ್ನು ತೆರೆಯಿರಿ. ನಂತರ `File → Open as Layers` ಮೂಲಕ, ಹಿನ್ನೆಲೆ ಕತ್ತರಿಸಿದ ಮೂಲ ಬಾಟಲಿಯ ಪಿಎನ್‌ಜಿ ಕಡತವನ್ನು ಮೇಲಿನ ಪದರವಾಗಿ ತನ್ನಿ.

2. ಮೇಲಿನ ಪದರದ `Opacity` 50ಕ್ಕೆ ಇಳಿಸಿ, `Shift+S` ಒತ್ತಿ ಅಳತೆ ಹೊಂದಿಸಿ, `M` ಒತ್ತಿ ಸರಿಸಿ. ಹೊಂದಿಸುವಾಗ ಲೇಬಲ್ಲಿನ ಎರಡು ಮೇಲು ಮೂಲೆಗಳನ್ನು ಗುರುತಾಗಿ ಇಟ್ಟುಕೊಳ್ಳಿ. ಬಾಟಲಿಯ ತಲೆ-ಬುಡಗಳನ್ನು ಹೊಂದಿಸಲು ಹೋದರೆ ತಪ್ಪಾಗುತ್ತದೆ. ಬುಡ ಬೆಳೆದಿದ್ದರೆ ನೀವೇ ಮೂಲ ಬಾಟಲಿಯನ್ನು ಎಳೆದು ಆ ತಪ್ಪಿಗೆ ಹೊಂದಿಸಿ, ತಪ್ಪನ್ನು ಮುಚ್ಚಿಬಿಡುತ್ತೀರಿ.

3. `Opacity` ಮತ್ತೆ 100 ಮಾಡಿ, ಪದರದ `Mode` ಅನ್ನು `Difference` ಮಾಡಿ. ಎರಡೂ ಒಂದೇ ಆಗಿರುವಲ್ಲಿ ಕಪ್ಪು ಕಾಣುತ್ತದೆ, ಬೇರೆ ಆಗಿರುವಲ್ಲಿ ಬೆಳಕು.

4. `1` ಒತ್ತಿ ಶೇ. 100ರ ಗಾತ್ರಕ್ಕೆ ಬಂದು, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ನೋಡಿ.

ಇಲ್ಲಿ ಕಾಣುವ ಬೆಳಕೆಲ್ಲ ದೋಷವಲ್ಲ. ಎಲ್ಲ ಅಕ್ಷರಗಳ ಅಂಚಿಗೂ ಒಂದೇ ಸಮನಾದ ತೆಳು ಬೂದು ಗೆರೆ ಇದ್ದರೆ ಅದು ಅರ್ಧ ಪಿಕ್ಸೆಲ್ ಸರಿದಿರುವ ಗುರುತು. ಪದರವನ್ನು ಬಾಣದ ಕೀಲಿಯಿಂದ ಒಂದು ಪಿಕ್ಸೆಲ್ ಜರುಗಿಸಿ ನೋಡಿ: ಬೆಳಕು ಎಡದಂಚಿನಿಂದ ಬಲದಂಚಿಗೆ ದಾಟಿದರೆ ಅದು ಹೊಂದಿಕೆಯ ಸಮಸ್ಯೆ. ಎಷ್ಟೇ ಜರುಗಿಸಿದರೂ ಒಂದು ಕಡೆ ಬೆಳಕಿನ ಮುದ್ದೆ ಅಲ್ಲೇ ಉಳಿದರೆ ಅಲ್ಲಿ ನಿಜವಾಗಿ ಏನೋ ಬದಲಾಗಿದೆ. ಅಗಲವಾಗಿ ಹರಡಿದ ಮೆತ್ತಗಿನ ಬೂದು ಬಣ್ಣ ಬೆಳಕಿನ ಅಥವಾ ಬಣ್ಣದ ಬದಲಾವಣೆ. ನಮ್ಮ ಬಾಟಲಿಯಲ್ಲಿ ಕತ್ತಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟಿಯೊಂದು ಎದ್ದು ಕಂಡಿತು, ಅದೇ ಎರಡನೇ ಉಂಗುರ. ‘ಎಣ್ಣೆ’ಯ ಕೆಳಗೆ ಒಂದು ಮುದ್ದೆ. ಲೋಗೊದ ಜಾಗದಲ್ಲಿ ನಕ್ಷತ್ರದಂತೆ ಚೂರು ಚೂರು ಬೆಳಕು: ಎಣಿಸಿದರೆ ಗರಿ 8.

ಈ ಪರೀಕ್ಷೆಯ ಕುರುಡು ಜಾಗ ಒಂದಿದೆ, ಹಲವರು ಎಡವುವುದೂ ಅಲ್ಲೇ. ಕತ್ತರಿಸಿದ ಬಾಟಲಿಯ ಆಚೆಗೆ ಮೇಲಿನ ಪದರ ಪಾರದರ್ಶಕ. ಅಲ್ಲಿ ಹೋಲಿಸಲು ಏನೂ ಇಲ್ಲದ ಕಾರಣ ಕೆಳಗಿನ ಚಿತ್ರ ಇದ್ದ ಹಾಗೇ ಕಾಣುತ್ತದೆ. ಹೊರಕ್ಕೆ ಬೆಳೆದ ಬುಡ, ಹುಟ್ಟಿಕೊಂಡ ಹಿಡಿಕೆ `Difference`ನಲ್ಲಿ ಸಿಕ್ಕಿಬೀಳುವುದೇ ಇಲ್ಲ. ಅದಕ್ಕೆ ಬೇರೆ ದಾರಿ: ಮೇಲಿನ ಪದರವನ್ನು ಆರಿಸಿ `Layer → Transparency → Alpha to Selection` ಒತ್ತಿ. ಬಾಟಲಿಯ ನಿಜವಾದ ಅಂಚಿನ ಸುತ್ತ ಚುಕ್ಕೆಗೆರೆ ಓಡುತ್ತದೆ. ಈಗ ಮೇಲಿನ ಪದರದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ. ಚುಕ್ಕೆಗೆರೆಯ ಹೊರಗೆ ಬಾಟಲಿಯಂಥದ್ದು ಏನು ಕಂಡರೂ ಅದು ಎಐ ಸೇರಿಸಿದ್ದು. ನಮ್ಮ ಚಿತ್ರದಲ್ಲಿ ಗೆರೆಯ ಕೆಳಗೆ 60 ಪಿಕ್ಸೆಲ್‌ನಷ್ಟು ಬುಡ ಉಳಿದಿತ್ತು.

## ಇಡೀ ಬಾಟಲಿಯನ್ನೇ ಎಐ ಬರೆದಿದ್ದರೆ

ಕೋನ ಬದಲಿಸಿದ, ಪೂರ್ತಿ ಹೊಸದಾಗಿ ಬರೆಸಿದ ಚಿತ್ರಕ್ಕೆ ಪದರದ ಮೇಲೆ ಪದರ ಇಟ್ಟು ಹೋಲಿಸಲು ಆಗುವುದಿಲ್ಲ. ಅಲ್ಲಿ ಅಳತೆ ಮತ್ತು ಸಮತೆಗಳೇ ಗತಿ.

ಬಾಟಲಿಯ ಎತ್ತರ, ಅಗಲಗಳನ್ನು ಗಿಂಪ್‌ನ `Measure` ಉಪಕರಣದಿಂದ ಪಿಕ್ಸೆಲ್‌ನಲ್ಲಿ ಅಳೆಯಿರಿ. ಎತ್ತರ 1600 ಬಂದರೆ ನಮ್ಮ ಹಾಳೆಯ ಪ್ರಕಾರ ಅಗಲ 474ರ ಹತ್ತಿರ ಇರಬೇಕು. 508 ಬಂತು ಎಂದುಕೊಳ್ಳಿ, ಬಾಟಲಿ ಶೇ. 7ರಷ್ಟು ದಪ್ಪಗಾಗಿದೆ. ಕಣ್ಣಿಗೆ ಇದು ‘ಗಟ್ಟಿಮುಟ್ಟಾಗಿದೆ’ ಅನ್ನಿಸುತ್ತದೆ, ಕೊಂಡವರಿಗೆ ‘ಚಿತ್ರದಲ್ಲಿ ದೊಡ್ಡದಿತ್ತಲ್ಲ’ ಅನ್ನಿಸುತ್ತದೆ. ನೇರ ಎದುರಿನಿಂದ ನೋಡಿದಂತಿರುವ ಚಿತ್ರಕ್ಕೆ ಶೇ. 2ರ ಆಚೆಗಿನ ವ್ಯತ್ಯಾಸ ಒಪ್ಪದಿರುವುದು ಒಳ್ಳೆಯದು. ಮೇಲಿನಿಂದ ನೋಡಿದ ಕೋನಕ್ಕೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಅದೇ ಕೋನದಲ್ಲಿ ಫೋನಿನಿಂದ ಒಂದು ಫೋಟೊ ತೆಗೆದು, ಅದರ ಅಳತೆಯ ಜೊತೆ ಹೋಲಿಸಿ. ತೀರ ಹತ್ತಿರದಿಂದ ತೆಗೆಯಬೇಡಿ, ಒಂದೂವರೆ ಮೀಟರ್ ಹಿಂದೆ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಮುಚ್ಚಳ ದೊಡ್ಡದಾಗಿ ಬುಡ ಸಣ್ಣದಾಗುತ್ತದೆ, ಹೋಲಿಕೆಯೇ ಕೆಡುತ್ತದೆ.

ದುಂಡು ಬಾಟಲಿಯ ಎಡ-ಬಲ ಅಂಚುಗಳು ಒಂದರ ಕನ್ನಡಿ ಬಿಂಬದಂತೆ ಇನ್ನೊಂದು ಇರಬೇಕು. ಎಐ ಬರೆದ ಬಾಟಲಿಯಲ್ಲಿ ಒಂದು ಭುಜ ಇಳಿದು ಇನ್ನೊಂದು ಏರಿರುವುದು, ಕತ್ತು ಸ್ವಲ್ಪ ಬಲಕ್ಕೆ ವಾಲಿರುವುದು ಮಾಮೂಲು. ಆಜ್ಞೆ ಬರೆದು ಚಿತ್ರಗಳ ಮೇಲೆ ಕೆಲಸ ಮಾಡುವ ಇಮೇಜ್‌ಮ್ಯಾಜಿಕ್ ತಂತ್ರಾಂಶ ಇದ್ದರೆ ಒಂದೇ ಆಜ್ಞೆಯಲ್ಲಿ ತಿಳಿಯುತ್ತದೆ. ಹಿನ್ನೆಲೆ ಕತ್ತರಿಸಿದ ಚಿತ್ರದ ಹೆಸರು `cut.png` ಆಗಿರಲಿ:

```
magick cut.png -alpha extract -trim +repage \
  \( +clone -flop \) -compose difference -composite sym.png
```

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ, ಓರೆಗೆರೆಗಳನ್ನು ಬಿಟ್ಟು ಬರೆಯಿರಿ. ಇದು ಬಾಟಲಿಯ ಆಕಾರವನ್ನು ಮಾತ್ರ ತೆಗೆದುಕೊಂಡು, ಅದನ್ನು ಅದರದೇ ಕನ್ನಡಿ ಬಿಂಬದ ಮೇಲೆ ಇಟ್ಟು ಕಳೆಯುತ್ತದೆ. ಲೇಬಲ್ಲು, ಬಣ್ಣ, ನೆರಳು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. `sym.png` ಪೂರ್ತಿ ಕಪ್ಪಾಗಿದ್ದರೆ ಆಕಾರ ಸಮ. ಎರಡು ಅಂಚಿನಲ್ಲೂ ಕೂದಲೆಳೆಯ ಬಿಳಿ ಗೆರೆ ಇದ್ದರೆ ಅದು ಕತ್ತರಿಸುವಾಗಿನ ಸಣ್ಣ ಒರಟು, ಚಿಂತೆಯಿಲ್ಲ. ಭುಜದ ಹತ್ತಿರ ದಪ್ಪ ಬಿಳಿ ಹೋಳು ಕಂಡರೆ ಬಾಟಲಿ ಸೊಟ್ಟಗಿದೆ. ಹಿಡಿಕೆ ಇರುವ 5 ಲೀಟರ್ ಕ್ಯಾನಿಗೆ ಈ ಪರೀಕ್ಷೆ ಉಪಯೋಗವಿಲ್ಲ, ಅದು ಹುಟ್ಟಿನಿಂದಲೇ ಅಸಮ.

ಆಜ್ಞೆ ಹಿಡಿಯಲಾರದ ಇನ್ನೊಂದು ಸೊಟ್ಟ ಇದೆ, ವೃತ್ತಗಳದ್ದು. ಮುಚ್ಚಳದ ಮೇಲ್ಮೈ ಕಾಣುತ್ತಿದೆ ಎಂದರೆ ಕ್ಯಾಮೆರಾ ಮುಚ್ಚಳಕ್ಕಿಂತ ಮೇಲಿದೆ. ಹಾಗಾದರೆ ಅದರ ಕೆಳಗಿರುವ ಪ್ರತಿಯೊಂದು ದುಂಡು ಗೆರೆಯೂ, ಉಂಗುರ, ಲೇಬಲ್ಲಿನ ಮೇಲಂಚು, ಕೆಳಂಚು, ಬುಡ, ಎಲ್ಲವೂ ಮುಂಭಾಗದಲ್ಲಿ ಕೆಳಕ್ಕೇ ಬಾಗಿರಬೇಕು. ಕೆಳಗೆ ಹೋದಷ್ಟೂ ಬಾಗು ಹೆಚ್ಚಾಗಬೇಕು. ಎಐ ಚಿತ್ರಗಳಲ್ಲಿ ಮುಚ್ಚಳದ ಮೇಲ್ಮೈ ತೆರೆದು ಕಾಣುತ್ತದೆ, ಬುಡ ಮಾತ್ರ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿರುತ್ತದೆ. ಅಥವಾ ಲೇಬಲ್ಲಿನ ಮೇಲಂಚು ಮೇಲಕ್ಕೆ ಬಾಗಿ, ಕೆಳಂಚು ಕೆಳಕ್ಕೆ ಬಾಗಿ, ಲೇಬಲ್ಲು ಡೋಲಿನಂತೆ ಉಬ್ಬಿರುತ್ತದೆ. ಕಾರಣ ಹೇಳಲಾಗದಿದ್ದರೂ ನೋಡುವವರಿಗೆ ಇದು ‘ಗ್ರಾಫಿಕ್ಸ್’ ಎಂದು ತಟ್ಟನೆ ಗೊತ್ತಾಗುತ್ತದೆ.

## ಅಕ್ಷರ: ಓದಬೇಡಿ, ಬಿಡಿಸಿ ನೋಡಿ

ಕನ್ನಡ ಅಕ್ಷರಗಳಲ್ಲಿ ಮೊದಲು ಕೆಡುವುದು ಒತ್ತು. ‘ಎಣ್ಣೆ’ಯ ಕೆಳಗಿನ ಣ-ಒತ್ತು ಗಂಟು ಬಿದ್ದ ದಾರದಂತೆ ಆಗುತ್ತದೆ. ಆಮೇಲೆ ಕೊಂಬು ಮತ್ತು ದೀರ್ಘ: ‘ಲೀ’ ಹೋಗಿ ‘ಲಿ’ ಆಗುತ್ತದೆ. ಸೊನ್ನೆ ಹಿಂದಿನ ಅಕ್ಷರಕ್ಕೆ ಅಂಟಿಕೊಂಡು ‘ತೆಂಗಿನ’ ಹೋಗಿ ‘ತೆಗಿನ’ ಆಗುತ್ತದೆ.

ಇದಕ್ಕಿಂತ ನವಿರಾದ ತಪ್ಪು ತೆಲುಗು ಬೆರಕೆ. ಎರಡೂ ಲಿಪಿ ಅಕ್ಕತಂಗಿಯರಂತಿರುವುದರಿಂದ ಎಐ ಒಂದೇ ಪದದೊಳಗೆ ಎರಡನ್ನೂ ಬೆರೆಸಿಬಿಡುತ್ತದೆ. ಹಿಡಿಯುವ ಗುರುತು ತಲೆಕಟ್ಟು. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಹರಿದು ತುದಿಯಲ್ಲಿ ಬಾಗುತ್ತದೆ, ತೆಲುಗಿನದು ಸರಿ ಗುರುತಿನಂತೆ ಓರೆಯಾಗಿ ಮೇಲಕ್ಕೆ ಏಳುತ್ತದೆ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿ ಕಡೆಯವರು ಈ ಪರೀಕ್ಷೆಯಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಎರಡೂ ಲಿಪಿಗಳನ್ನು ಸರಾಗವಾಗಿ ಓದುವ ಕಣ್ಣು ಬೆರಕೆ ಪದವನ್ನು ಎಲ್ಲೂ ತಡವರಿಸದೆ ಓದಿ ಮುಂದೆ ಹೋಗುತ್ತದೆ.

ಆದ್ದರಿಂದ ಲೇಬಲ್ಲನ್ನು ಓದಲೇಬೇಡಿ. ಚಿತ್ರವನ್ನು 180 ಡಿಗ್ರಿ ತಿರುಗಿಸಿ, ಪಕ್ಕದಲ್ಲಿ ಮುದ್ರಣಕ್ಕೆ ಕೊಟ್ಟ ಲೇಬಲ್ಲಿನ ಕಡತವನ್ನೂ ಹಾಗೇ ತಿರುಗಿಸಿ ಇಟ್ಟುಕೊಳ್ಳಿ. ತಲೆಕೆಳಗಾದಾಗ ಪದ ಹೋಗಿ ಗೆರೆಗಳಷ್ಟೇ ಉಳಿಯುತ್ತವೆ. ಒಂದೊಂದು ಅಕ್ಷರವನ್ನೂ ಆ ಕಡತದ ಅಕ್ಷರದ ಜೊತೆ ಹೋಲಿಸುತ್ತಾ ಕೊನೆಯಿಂದ ಮೊದಲಿಗೆ ಬನ್ನಿ. ಮೂರು ಪದಕ್ಕೆ ಎರಡು ನಿಮಿಷ ಸಾಕು.

ಸಂಖ್ಯೆಗಳಿಗೆ ಇಷ್ಟು ಕಷ್ಟವಿಲ್ಲ. ಎಫ್‌ಎಸ್‌ಎಸ್‌ಎಐ ಸಂಖ್ಯೆ 14 ಅಂಕಿ ಇದೆಯೇ ಎಣಿಸಿ, ಎಐ 13 ಅಥವಾ 15 ಬರೆಯುವುದು ಹೆಚ್ಚು. ಹಸಿರು ಗುರುತನ್ನು ದೊಡ್ಡದು ಮಾಡಿ ನೋಡಿ: ಚೌಕದ ನಾಲ್ಕು ಬದಿ ಕೂಡಿರಬೇಕು, ಒಳಗೆ ತುಂಬಿದ ದುಂಡು ಚುಕ್ಕೆ ಇರಬೇಕು, ಎರಡೂ ಹಸಿರಾಗಿರಬೇಕು. ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ ಗುರುತು. ಮರದ ಮೇಜಿನ ಕಂದು ಬಣ್ಣ ಹರಿದು ಹಸಿರು ಗುರುತು ಕಂದಾಗಿ, ಮೂಲೆಯೂ ಚೂಪಾದರೆ ಎಣ್ಣೆಯ ಬಾಟಲಿಗೆ ಅದಕ್ಕಿಂತ ಕೆಟ್ಟ ಅವಸ್ಥೆ ಬೇಡ. ಹಿಂಬದಿಯ ಬಾರ್‌ಕೋಡ್ ಚಿತ್ರದಲ್ಲಿದ್ದರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ. ಎಐ ಬರೆದ ಪಟ್ಟೆಗಳು ಬರೀ ಪಟ್ಟೆಗಳು, ಯಾವ ಸಂಖ್ಯೆಯೂ ಅಲ್ಲ.

## ಪಕ್ಕದಲ್ಲಿಟ್ಟ ಕಾಯಿಯೂ ಲೆಕ್ಕಕ್ಕೆ ಬರುತ್ತದೆ

ಬಾಟಲಿ ಸರಿ ಇದ್ದು ಕಾಯಿ ಕೆಟ್ಟರೂ ತುಮಕೂರು ಜಿಲ್ಲೆಯ ಗಿರಾಕಿ ಮೊದಲು ನಗುವುದು ಕಾಯಿ ನೋಡಿ. ಸುಲಿದ ಕಾಯಿಯ ಮೂರು ಕಣ್ಣು ಒಂದೇ ತುದಿಯಲ್ಲಿರುತ್ತವೆ. ಎಐ ಎರಡು ತುದಿಗೂ ಕಣ್ಣು ಇಡುತ್ತದೆ, ಕೆಲವೊಮ್ಮೆ ನಾಲ್ಕು ಇಡುತ್ತದೆ. ಒಡೆದ ಹೋಳಿನಲ್ಲಿ ಹೊರಗೆ ಚಿಪ್ಪು, ಅದಕ್ಕೆ ಅಂಟಿದ ತೆಳು ಕಂದು ಸಿಪ್ಪೆ, ಒಳಗೆ ಬಿಳಿ ತಿರುಳು, ಈ ಕ್ರಮ ಇರಬೇಕು. ಎಳನೀರಿನ ಹಸಿರು ಸಿಪ್ಪೆಯೊಳಗೆ ಬಲಿತ ಕಾಯಿಯ ದಪ್ಪ ತಿರುಳು ತುಂಬಿಸಿದ ಚಿತ್ರಗಳು ಬೇಕಾದಷ್ಟು ಬರುತ್ತವೆ. ಹಿಂದೆ ಗಾಣ ಬರೆಸಿದ್ದರೆ ನಡುವೆ ತಿರುಗುವ ಮರದ ದಿಂಡು ಒಂದೇ ಇದೆಯೇ ನೋಡಿ.

ಎಣ್ಣೆಯ ಬಣ್ಣವನ್ನೂ ಮರೆಯಬೇಡಿ. ‘ಎಣ್ಣೆ’ ಎಂದರೆ ಬಂಗಾರದ ಬಣ್ಣ ಎಂದು ಎಐ ಧಾರಾಳವಾಗಿ ಹಳದಿ ತುಂಬುತ್ತದೆ, ಕಡಲೆಕಾಯಿ ಎಣ್ಣೆಯಂತೆ ಕಾಣುತ್ತದೆ. ನಿಜವಾದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪರದೆಯ ಪಕ್ಕದಲ್ಲೇ ಹೋಲಿಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟಿ ಬೆಳ್ಳಗಾಗುವುದರಿಂದ ಚಳಿಗಾಲದ ಬೆಳಗ್ಗೆ ಈ ಹೋಲಿಕೆ ಮಾಡಬೇಡಿ.

## ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು

ಲೇಬಲ್ಲಿನ ತಪ್ಪನ್ನು ಎಐಯಿಂದಲೇ ಮತ್ತೆ ತಿದ್ದಿಸಲು ಹೋಗಬೇಡಿ. ಒಂದು ಒತ್ತು ಸರಿಯಾಗುವಾಗ ಇನ್ನೊಂದು ಗರಿ ಕಳೆದುಹೋಗುತ್ತದೆ, ಸಂಜೆಯಾದರೂ ಮುಗಿಯುವುದಿಲ್ಲ. ಮೂಲ ಫೋಟೊದ ಬಾಟಲಿಯನ್ನೇ ಮೇಲಿನ ಪದರವಾಗಿ, `Mode` ಅನ್ನು `Normal` ಮಾಡಿ ಇಟ್ಟುಬಿಡಿ. ಹೋಲಿಕೆಗಾಗಿ ಹೊಂದಿಸಿದ್ದ ಪದರ ಹೇಗೂ ಸಿದ್ಧವಾಗಿಯೇ ಇದೆ. ಕತ್ತಿನ ಉಂಗುರ, ಒತ್ತಕ್ಷರ, ಎಂಟನೇ ಗರಿ ಮೂರೂ ಒಂದೇ ಏಟಿಗೆ ಹೋಗುತ್ತವೆ.

ಬುಡದ ಆ 60 ಪಿಕ್ಸೆಲ್ ಮಾತ್ರ ಹೋಗುವುದಿಲ್ಲ, ಅದು ಗೆರೆಯ ಹೊರಗಿದೆ. ಅದನ್ನು ಉಜ್ಜಿ ತೆಗೆಯುವುದಕ್ಕಿಂತ ಬಾಟಲಿಯೇ ಇಲ್ಲದ ಖಾಲಿ ಹಿನ್ನೆಲೆಯನ್ನು ಎಐಯಿಂದ ಬರೆಸಿ, ಅದರ ಮೇಲೆ ಬಾಟಲಿ ಇಡುವುದು ಲೇಸು. ಬಾಟಲಿ ಗಾಳಿಯಲ್ಲಿ ತೇಲಿದಂತೆ ಕಾಣದಿರಲು ಬುಡಕ್ಕೆ ತಾಗಿದಂತೆ ತೆಳುವಾದ ಕಡು ನೆರಳು ಬೇಕು. ಬಾಟಲಿಯ ಹೊಳಪು ಎಡಗಡೆ ಇದ್ದರೆ ನೆರಳು ಬಲಕ್ಕೆ ಬೀಳಬೇಕು, ತೋಟದ ಬಿಸಿಲೂ ಎಡದಿಂದಲೇ ಬರಬೇಕು. ಇದು ಹೊಂದದಿದ್ದರೆ ಹಿನ್ನೆಲೆಯನ್ನು ಅಡ್ಡಡ್ಡ ತಿರುಗಿಸಿ, ಬಾಟಲಿಯನ್ನು ತಿರುಗಿಸಿದರೆ ಅಕ್ಷರ ಉಲ್ಟಾ ಆಗುತ್ತದೆ.

ಪೂರ್ತಿ ಎಐ ಬರೆದ ಬಾಟಲಿಯಲ್ಲಿ ಅಳತೆ ಅಥವಾ ಸಮತೆ ತಪ್ಪಿದ್ದರೆ ಚಿತ್ರವನ್ನೇ ಕೈಬಿಡಿ. ಎಳೆದು ಸರಿಮಾಡಿದರೆ ಲೇಬಲ್ಲು ಸೊಟ್ಟಗಾಗುತ್ತದೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಜಾಹೀರಾತು ವಸ್ತುವಿನ ನಿಜ ಗುಣಗಳಿಗೆ ಹೊಂದಿರುವಂತೆ ನೋಡಿಕೊಳ್ಳುವುದು ಮಾರುವವರ ಹೊಣೆ. ಚಿತ್ರ ಮಾಡಿದ್ದು ಎಐ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

## ಏರಿಸಿದ ಮೇಲೆ ಇನ್ನೊಮ್ಮೆ

ಅಂತಿಮ ಕಡತವನ್ನು ಉಳಿಸಿ, ಬಾಟಲಿಯನ್ನೂ ಜಾತಕದ ಹಾಳೆಯನ್ನೂ ಈ ಚಿತ್ರವನ್ನು ಇದುವರೆಗೆ ನೋಡಿರದ ಒಬ್ಬರ ಕೈಗೆ ಕೊಡಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಇದಕ್ಕೂ ಅದಕ್ಕೂ ಮೂರು ವ್ಯತ್ಯಾಸ ಹುಡುಕಿ’ ಎಂದು ಕೇಳಿ.

ಜಾಲತಾಣ ಚಿತ್ರವನ್ನು ಕುಗ್ಗಿಸಿ ಉಳಿಸುವುದರಿಂದ, ಏರಿಸಿದ ಮೇಲೆ ಫೋನಿನಲ್ಲಿ ಪುಟವನ್ನು ತೆರೆದು ಜೂಮ್ ಮಾಡಿ ನೋಡಿ. ಹಸಿರು ಚೌಕದ ಗೆರೆ ಮತ್ತು ‘1 ಲೀ.’ ಉಳಿದಿದ್ದರೆ ಉಳಿದದ್ದೂ ಉಳಿದಿರುತ್ತದೆ. ಅಮೆಜಾನ್‌ನ ಮುಖ್ಯ ಚಿತ್ರಕ್ಕೆ ತೋಟವೂ ಬೇಡ, ಕಾಯಿಯೂ ಬೇಡ. ಅಲ್ಲಿ ಹಿನ್ನೆಲೆ 255, 255, 255ರ ಅಚ್ಚ ಬಿಳಿ ಇರಬೇಕು, ಬಾಟಲಿ ಚೌಕಟ್ಟಿನ ಶೇ. 85ರಷ್ಟು ತುಂಬಿರಬೇಕು. ತೋಟದ ಚಿತ್ರ ಎರಡನೆಯದಾಗಿ ಹೋಗಲಿ.

ಕಡತದ ಹೆಸರಿನಲ್ಲಿ ಲೇಬಲ್ಲಿನ ಆವೃತ್ತಿ ಸೇರಿಸಿ, ಉದಾಹರಣೆಗೆ `oil1L_label3_ok.jpg`. ಮುಂದಿನ ಸಲ ಮುದ್ರಣಾಲಯದಿಂದ ಹೊಸ ಲೇಬಲ್ಲು ಬಂದಾಗ `label3` ಇರುವ ಚಿತ್ರಗಳನ್ನೆಲ್ಲ ಒಟ್ಟಿಗೆ ಹುಡುಕಿ ಕೆಳಗಿಳಿಸಬಹುದು.